ಪದಚರ್ಚೆ: ಮೊದಲ ಮಳೆಗೆ ಏಳುವುದು ವಾಸನೆಯೋ, ಕಂಪೋ, ಘಮವೋ?

ಕೇಳಿದವರು

ಎಲ್ಲರಿಗೂ ನಮಸ್ಕಾರ. ಬಾಲ್ಕನಿಯಿಂದ ತೆಗೆದ ಒಂದು ಫೋಟೋಗೆ ಎರಡು ಸಾಲು ಬರೆಯುತ್ತಿದ್ದೇನೆ. ಫೋಟೋದಲ್ಲಿ ಹೆಚ್ಚೇನೂ ಇಲ್ಲ. ಬಾಲ್ಕನಿಯ ಕಂಬಿ, ಕೆಳಗೆ ಒಣಗಿದ ನೆಲ, ಅದರ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪ ಹನಿ ಬಿದ್ದ ಕಲೆ. ಕಾಣಿಸುವುದನ್ನು ಬಿಟ್ಟು, ಆಗ ಮೂಗಿಗೆ ಬಂದದ್ದನ್ನು ಹೇಳಬೇಕು ಅಂತ ಆಸೆ. ಸದ್ಯಕ್ಕೆ ಹೀಗಿದೆ:

"ನಾಲ್ಕು ಹನಿ ಬಿದ್ದದ್ದೇ ತಡ, ಕಾದ ನೆಲದ ಕಂಪು ಬಾಲ್ಕನಿವರೆಗೂ ಬಂತು. ಮಳೆ ಇನ್ನೂ ಶುರುವಾಗಿಲ್ಲ."

'ಕಂಪು' ಅಂದ ತಕ್ಷಣ ನನಗೆ ಹೂವು ನೆನಪಾಗುತ್ತದೆ, ಇದು ಹೂವಿನಂಥದ್ದಲ್ಲ. 'ವಾಸನೆ' ಅಂದರೆ ಓದುವವರು ಮೂಗು ಮುಚ್ಚಿಕೊಂಡಾರು. 'ಘಮ', 'ಸೊಗಡು' ಎರಡೂ ಮನಸ್ಸಿನಲ್ಲಿವೆ. ಯಾವುದು ಸರಿ? ಇನ್ನೊಂದು, ಇದನ್ನು ಮಳೆಯ ವಾಸನೆ ಅನ್ನಬೇಕೋ ಮಣ್ಣಿನ ವಾಸನೆ ಅನ್ನಬೇಕೋ? ಕೆಳಗಿರುವುದರಲ್ಲಿ ಅರ್ಧ ಸಿಮೆಂಟು.

ಮೊದಲ ಉತ್ತರ

'ವಾಸನೆ' ಬೇಡವೇ ಬೇಡ, ಅದು ಕೆಟ್ಟದ್ದಕ್ಕೆ ಮಾತ್ರ ಬಳಸುವ ಪದ. 'ಸುವಾಸನೆ' ಅನ್ನಿ, ಇಲ್ಲವೇ ಪ್ರಾಸ ಇಟ್ಟು ಹೀಗೆ ಬರೆಯಿರಿ: "ಮೊದಲ ಮಳೆಯ ಕಂಪು, ಇಳೆಗೆ ತಂಪು, ಮನಸ್ಸಿಗೆ ಇಂಪು." ಓದಿದವರಿಗೆ ತಕ್ಷಣ ಹಿಡಿಸುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಪೆಟ್ರಿಕೋರ್ ಅಂತಲೇ ಒಂದು ಪದ ಇದೆ, ಗ್ರೀಕರ ಕಾಲದಿಂದ ಬಂದದ್ದು. ಅದನ್ನೇ ಕನ್ನಡ ಲಿಪಿಯಲ್ಲಿ ಹಾಕಿದರೂ ಆಯ್ತು.

ಎರಡನೆಯ ಉತ್ತರ

'ವಾಸನೆ' ಕೆಟ್ಟದ್ದಕ್ಕೆ ಮಾತ್ರ ಅನ್ನುವುದನ್ನು ಒಪ್ಪುವುದು ಕಷ್ಟ. ಮುಂದೆ ಏನೂ ಸೇರಿಸದೆ "ಏನೋ ವಾಸನೆ ಬರ್ತಿದೆ" ಅಂದರೆ ಹೌದು, ಎಲ್ಲರೂ ಕೆಟ್ಟದ್ದು ಅಂತಲೇ ತಿಳಿಯುತ್ತಾರೆ. ಯಾವುದರ ವಾಸನೆ ಅಂತ ಹೇಳಿಬಿಟ್ಟರೆ ಆ ಕಳಂಕ ಹೋಗುತ್ತದೆ. 'ಮಲ್ಲಿಗೆಯ ವಾಸನೆ' ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ, 'ಹೊಸ ಪುಸ್ತಕದ ವಾಸನೆ' ಅಂದರೂ ಅಷ್ಟೇ. ಹಾಗಾಗಿ 'ಕಾದ ನೆಲದ ವಾಸನೆ' ಧಾರಾಳವಾಗಿ ನಿಲ್ಲುತ್ತದೆ. 'ಸುವಾಸನೆ' ಬೇಡ ಅಂತ ನನ್ನ ಅಭಿಪ್ರಾಯ. ಅದು ಸೋಪಿನ ಜಾಹೀರಾತಿನ ಮಾತಾಗಿಬಿಟ್ಟಿದೆ.

ಕಂಪು, ತಂಪು, ಇಂಪು ಪ್ರಾಸವೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಂಪು ಕಿವಿಗೆ ಸೇರಿದ್ದು. ಮೂಗಿನ ವಿಷಯ ಹೇಳಲು ಹೊರಟು ಕಿವಿಗೆ ಹೋದರೆ ಓದುಗರ ಮೂಗಿಗೆ ಏನೂ ಸಿಗುವುದಿಲ್ಲ, ಅಲ್ವಾ? 'ಸೊಗಡು' ನನಗೂ ಇಷ್ಟದ ಪದವೇ. ಆದರೆ 'ಮಣ್ಣಿನ ಸೊಗಡು' ಅನ್ನುವುದನ್ನು ಈಗ ಕಥೆಗೋ ಭಾಷೆಗೋ ಹೊಗಳಿಕೆಯಾಗಿ ಎಷ್ಟು ಬಳಸಿದ್ದಾರೆಂದರೆ, ನಿಜವಾದ ಮಣ್ಣನ್ನು ಮೂಸಿದ್ದು ಅಂತ ಯಾರಿಗೂ ಹೊಳೆಯುವುದಿಲ್ಲ.

ಪೆಟ್ರಿಕೋರ್ ಗ್ರೀಕ್ ಬೇರುಗಳಿಂದ ಕಟ್ಟಿದ ಪದ ಹೌದು, ಗ್ರೀಕರು ಬಳಸಿದ್ದಲ್ಲ. ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು 1964ರಲ್ಲಿ ಕಟ್ಟಿದ್ದು. ನಿಮ್ಮ ಸಿಮೆಂಟಿನ ಪ್ರಶ್ನೆಗೆ ಉತ್ತರವೂ ಅವರ ಕೆಲಸದಲ್ಲೇ ಇದೆ. ಬಿಸಿಲು ಕಾಯುವ ದಿನಗಳಲ್ಲಿ ಗಿಡಮರಗಳಿಂದ ಬಂದ ಎಣ್ಣೆಯಂಥ ಅಂಶ ಒಣ ಮಣ್ಣಿಗೂ ಕಲ್ಲಿಗೂ ಹತ್ತಿಕೊಂಡಿರುತ್ತದೆ, ಗಾಳಿಯಲ್ಲಿ ತೇವ ಏರಿದಾಗ ಬಿಟ್ಟುಕೊಳ್ಳುತ್ತದೆ. ಅಂದರೆ ಬರೀ ಮಣ್ಣೇ ಇರಬೇಕು ಅಂತಿಲ್ಲ. ಅದಕ್ಕೇ ನೀವು 'ಮಣ್ಣಿನ' ಅನ್ನದೆ 'ನೆಲದ' ಅಂದದ್ದು ಚೆನ್ನಾಗಿ ಕೂತಿದೆ, ನೆಲದಲ್ಲಿ ಮಣ್ಣೂ ಬಂತು ಸಿಮೆಂಟೂ ಬಂತು. 'ಮಳೆಯ ವಾಸನೆ' ತಪ್ಪೇನಲ್ಲ, ಜನ ಹಾಗೇ ಅನ್ನುತ್ತಾರೆ. ಆದರೆ ನಿಮ್ಮ ಎರಡನೆಯ ಸಾಲು ಮಳೆ ಇನ್ನೂ ಬಂದಿಲ್ಲ ಅನ್ನುತ್ತಿದೆ. ಅದಕ್ಕೆ ಮೊದಲ ಸಾಲಿನಲ್ಲಿ ನೆಲವೇ ಇರಲಿ.

ಮೂರನೆಯ ಉತ್ತರ

ಮಣ್ಣಿನ ವಾಸನೆ ವಿಷಯ ಬಂದದ್ದಕ್ಕೆ ಕೇಳುತ್ತಿದ್ದೇನೆ. ನಮ್ಮ ಮನೆಯ ನಲ್ಲಿ ನೀರು ಕೆಲವು ತಿಂಗಳು ಮಣ್ಣು ವಾಸನೆ ಬರುತ್ತದೆ. ಕುದಿಸಿ ಆರಿಸಿದರೂ ಪೂರ್ತಿ ಹೋಗಲ್ಲ. ನೋಡಲು ನೀರು ತಿಳಿಯಾಗೇ ಇರುತ್ತದೆ. ಇದನ್ನು ಯಾರೂ ಕಂಪು ಅನ್ನಲ್ಲ ಬಿಡಿ. ಪೈಪಿನೊಳಗೆ ಮಣ್ಣು ಸೇರಿರಬಹುದಾ?

ಎರಡನೆಯ ಉತ್ತರದವರು, ಮತ್ತೆ

ಸರ್, ಪೈಪನ್ನು ಇಲ್ಲಿಂದ ನೋಡಿ ಹೇಳಲಾಗದು. ಆದರೆ ನೀರು ತಿಳಿಯಾಗಿದ್ದೂ ಮಣ್ಣು ವಾಸನೆ ಬಂದರೆ ಸಾಮಾನ್ಯವಾಗಿ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಕೆರೆ, ಜಲಾಶಯಗಳಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಮಣ್ಣಿನಲ್ಲಿ ಅದೇ ಕೆಲಸವನ್ನು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಮಾಡುತ್ತದೆ. ಮಳೆ ಬಿದ್ದಾಗ ಏಳುವ ಆ ಹಸಿಹಸಿ ವಾಸನೆಯಲ್ಲಿ ಇದರ ಪಾಲು ಜಾಸ್ತಿ. ನಮ್ಮ ಮೂಗು ಇದಕ್ಕೆ ಎಷ್ಟು ಚುರುಕು ಅಂದರೆ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಸಾಕು, ಗೊತ್ತಾಗಿಬಿಡುತ್ತದೆ.

ನೀವು ಹೇಳಿದ್ದರಿಂದ ಪದದ ವಿಷಯದಲ್ಲೂ ಒಂದು ಹೊಳೆಯಿತು. ನೀವು 'ಮಣ್ಣು ವಾಸನೆ' ಅಂದಿರಿ, ಫೋಟೋದವರು 'ಮಣ್ಣಿನ ವಾಸನೆ' ಅಂದರು. ಬಾಯಿಮಾತಿನಲ್ಲಿ ದೂರು ಹೇಳುವಾಗ 'ಮಣ್ಣು ವಾಸನೆ', 'ಸೀಮೆಎಣ್ಣೆ ವಾಸನೆ' ಅಂತಲೇ ಬರುವುದು, ಇರಬಾರದ ಕಡೆ ಅದು ಬಂದು ಸೇರಿದೆ ಅನ್ನುವ ಹಾಗೆ. 'ಮಣ್ಣಿನ' ಅಂದಾಗ ಅದು ಮಣ್ಣಿಗೇ ಸೇರಿದ್ದು, ಅಲ್ಲಿಂದಲೇ ಬಂದದ್ದು. ವಸ್ತು ಒಂದೇ ಆದರೂ ಒಂದು 'ಇನ' ಸೇರಿ ಬೈಗುಳ ಮೆಚ್ಚುಗೆಯಾಯಿತು. ಎಲ್ಲ ಕಡೆ ಹೀಗೇ ಇದೆಯೋ ಇಲ್ಲವೋ, ಬೇರೆಯವರು ಹೇಳಬೇಕು.

ನಾಲ್ಕನೆಯ ಉತ್ತರ

ನಮ್ಮ ಕಡೆ ಎರಡೂ ನಡೆಯುತ್ತದೆ, ಅಷ್ಟು ಗೆರೆ ಎಳೆಯಲಾರೆ.

ನಾನು ಹೇಳಬೇಕೆಂದಿದ್ದು 'ಘಮ'ದ ಬಗ್ಗೆ. 'ಗಮ' ಅಂತ ಬರೆಯುವವರೂ ಇದ್ದಾರೆ, ಮಹಾಪ್ರಾಣ ನಮ್ಮದಲ್ಲ ಅನ್ನುವ ಕಾರಣಕ್ಕೆ. ನನಗೆ 'ಘಮ್' ಅನ್ನುವಾಗ ಉಸಿರು ತಳ್ಳಿಕೊಂಡು ಬರುವುದೇ ಆ ಪದದ ಜೀವ. ಆದರೆ ಘಮ ಬಿಸಿಯಾದದ್ದಕ್ಕೆ, ಹುರಿದದ್ದಕ್ಕೆ ಜಾಸ್ತಿ ಒಗ್ಗುತ್ತದೆ. ತೇವ ಅದರಲ್ಲಿ ಕೇಳಿಸುವುದಿಲ್ಲ.

ನಿಜ ಹೇಳಬೇಕೆಂದರೆ ಇಷ್ಟು ಚಿಕ್ಕ ಬರಹದಲ್ಲಿ ಸೋತಿರುವುದು ನಾಮಪದ ಅಲ್ಲ, 'ಬಂತು'. ವಾಸನೆ ಕೆಳಗಿಂದ ಮೇಲಕ್ಕೆ ಬಂದದ್ದು ಅದರಲ್ಲಿ ಕಾಣುವುದಿಲ್ಲ. ಹನಿ ಸಣ್ಣ ರಂಧ್ರಗಳಿರುವ ಒಣ ನೆಲಕ್ಕೆ ಬಿದ್ದಾಗ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು, ಗುಳ್ಳೆಯಾಗಿ ಹನಿಯೊಳಗೆ ಏರಿ ಒಡೆಯುತ್ತದೆ, ಸೋಡಾ ಲೋಟದ ಮೇಲೆ ಸಿಡಿಯುವ ತುಂತುರಿನ ಹಾಗೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು 2015ರಲ್ಲಿ ತೋರಿಸಿದರು. ಹಗುರ ಮಳೆಗೆ ಇದು ಜಾಸ್ತಿ, ಜಡಿಮಳೆಗೆ ಕಡಿಮೆ. ಅಂದರೆ ನಿಮ್ಮ 'ನಾಲ್ಕು ಹನಿ' ಸರಿಯಾದ ಹೊತ್ತನ್ನೇ ಹಿಡಿದಿದೆ, ಅದನ್ನು ಮುಟ್ಟಬೇಡಿ. ಕ್ರಿಯಾಪದಕ್ಕೆ 'ಅಡರು' ನೋಡಿ. ಹಳಗನ್ನಡದಲ್ಲಿ ಅದು ಹತ್ತು, ಮೇಲೇರು ಅನ್ನುವ ಅರ್ಥದ್ದು. ಇವತ್ತು ವಾಸನೆಗೇ ಮೀಸಲಾದ ಹಾಗಿದೆ. ಬಾಲ್ಕನಿಗೆ ಎರಡು ಅರ್ಥವೂ ಹೊಂದುತ್ತದೆ:

"ನಾಲ್ಕು ಹನಿ ಬಿದ್ದದ್ದೇ ತಡ, ಕಾದ ನೆಲದ ವಾಸನೆ ಬಾಲ್ಕನಿಗೆ ಅಡರಿತು. ಮಳೆ ಇನ್ನೂ ಶುರುವಾಗಿಲ್ಲ."

ಮೊದಲ ಉತ್ತರದವರು

'ಅಡರು' ನಾನು ಕೇಳಿರುವುದು ಗಬ್ಬುನಾತಕ್ಕೆ. 'ಮೂಗಿಗೆ ಅಡರುವ ದುರ್ನಾತ' ಅಂತ ಪತ್ರಿಕೆಗಳಲ್ಲೂ ಬರುತ್ತದೆ. ವಾಸನೆ, ಅಡರಿತು ಎರಡೂ ಸೇರಿದರೆ ಚರಂಡಿ ಕಟ್ಟಿಕೊಂಡಿದೆ ಅಂದುಕೊಂಡಾರು. 'ಕಂಪು' ಇಟ್ಟುಕೊಂಡು 'ಅಡರಿತು' ಅನ್ನಿ ಬೇಕಾದರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 'ನಾಲ್ಕು ಹನಿ', 'ನೆಲ' ಹಾಗೇ ಇರುತ್ತವೆ. 'ಕಂಪು' ತೆಗೆದು 'ವಾಸನೆ' ಹಾಕಿದೆ, ಅದು ಆ ಹೊತ್ತಿಗೆ ಹೆಚ್ಚು ಹತ್ತಿರವಾಗಿದೆ. ಕ್ರಿಯಾಪದ ಮಾತ್ರ ಕೂರುತ್ತಿಲ್ಲ. ಒಳ್ಳೆಯ ವಾಸನೆಗೆ 'ಅಡರು' ಬಳಸುವುದನ್ನು ನಿಮ್ಮ ಮನೆಮಾತಿನಲ್ಲಿ ಕೇಳಿದವರಿದ್ದರೆ ಆ ವಾಕ್ಯವನ್ನು ಹಾಗೆಯೇ ಬರೆದು ಕಳಿಸುತ್ತೀರಾ? ಅಲ್ಲಿಯವರೆಗೆ 'ಎದ್ದು ಬಂತು' ಅಂತ ಇಟ್ಟಿರುತ್ತೇನೆ.