ಸಹಾಯ ಬೇಕು: ಅಕ್ಕನ ಎಂಆರ್‌ಐನಲ್ಲಿ ಬಿಳಿ ಚುಕ್ಕೆ

ನಮಸ್ಕಾರ, ನಾವು ಹಾಸನದವರು. ನಮ್ಮ ಅಕ್ಕನಿಗೆ 49 ವರ್ಷ, ಬಹಳ ವರ್ಷದಿಂದ ಅರೆತಲೆನೋವು. ಈಚೆಗೆ ಜಾಸ್ತಿ ಆಯ್ತು ಅಂತ ಮೆದುಳಿನ ಎಂಆರ್‌ಐ ಮಾಡಿಸಿದೆವು. ರಿಪೋರ್ಟಿನಲ್ಲಿ ಎರಡೂ ಕಡೆ ಸಣ್ಣ ಬಿಳಿ ಚುಕ್ಕೆಗಳು, 'ಫಜೆಕಾಸ್ ಗ್ರೇಡ್ 1' ಅಂತ ಇದೆ. ಲಕ್ವ ಹೊಡೆದಿದೆ ಅಂದುಕೊಂಡು ಅಕ್ಕ ಎರಡು ರಾತ್ರಿ ಮಲಗಿಲ್ಲ.

ನರರೋಗದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಸಾಸಿವೆ ಕಾಳಿನಂಥ ಚುಕ್ಕೆಗಳು, ಬಿಡಿ ಬಿಡಿಯಾಗಿವೆ, ಒಂದಕ್ಕೊಂದು ಕೂಡಿಕೊಂಡಿಲ್ಲ. ಗ್ರೇಡ್ 1 ಅಂದರೆ ಅಷ್ಟೇ ಅಂತೆ. ಈ ವಯಸ್ಸಿನಲ್ಲಿ ತುಂಬಾ ಜನರಿಗೆ ಕಾಣುತ್ತವೆ, ಮೈಗ್ರೇನ್ ಇದ್ದವರಲ್ಲಿ ಇನ್ನೂ ಜಾಸ್ತಿ ಅಂದರು. ಮೆದುಳು, ಬೆನ್ನುಹುರಿಯ ನರಗಳಿಗೆ ಬರುವ ಎಂಎಸ್ ಕಾಯಿಲೆ ಇರಬಹುದಾ ಅಂತ ಕೇಳಿದೆ. ಅದರ ಮಚ್ಚೆಗಳು ಹೆಚ್ಚಾಗಿ ಮೆದುಳಿನ ಒಳಗಿನ ನೀರಿನ ಕುಳಿಗಳಿಗೆ ಅಂಟಿಕೊಂಡಿರುತ್ತವೆ, ಒಂದು ಕಣ್ಣು ಮಂಜಾಗುವುದು, ಕೈಕಾಲು ದಿನಗಟ್ಟಲೆ ಜೋಮು ಹಿಡಿಯುವುದು ಇರುತ್ತದೆ ಅಂದರು. ಅಕ್ಕನಿಗೆ ಅವ್ಯಾವೂ ಇಲ್ಲ.

ಆದರೆ ಬಿಪಿ 150/94 ಬಂತು. ಬಿಪಿ ಹೀಗೇ ಇದ್ದರೆ ಸಣ್ಣ ರಕ್ತನಾಳಗಳು ಹಾಳಾಗಿ ಚುಕ್ಕೆ ಹೆಚ್ಚುತ್ತವೆ. ಅದಕ್ಕೇ ಒಂದು ವಾರ ಬೆಳಿಗ್ಗೆ ಸಂಜೆ ಎರಡೆರಡು ಸಲ ನೋಡಿ ಬರೆದಿಡಬೇಕು. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯೂ ಇದೆ.

ತೋಳಿಗೆ ಕಟ್ಟುವ ಬಿಪಿ ಮಿಷನ್ ಒಂದು ವಾರಕ್ಕೆ ಯಾರಾದರೂ ಕೊಡುತ್ತೀರಾ? ಇಂಥದೇ ರಿಪೋರ್ಟ್ ಬಂದವರು ಇದ್ದರೆ ದಯವಿಟ್ಟು ಅಕ್ಕನ ಜೊತೆ ಮಾತಾಡಿ. ನನ್ನ ಮಾತು ಅವಳು ನಂಬುತ್ತಿಲ್ಲ.