ಸಹಾಯ ಬೇಕು: ಸಿಪಿ ಇರುವ ಮಗನನ್ನು ಕಮೋಡ್ ಮೇಲೆ ಕೂರಿಸುವುದು ಹೇಗೆ?

ನಾವು ಸೋಮವಾರಪೇಟೆ ಹತ್ತಿರದವರು. ಮಗನಿಗೆ 6 ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಮಲಬದ್ಧತೆ ಜಾಸ್ತಿ. ನಡುವೆ ಚಡ್ಡಿಯಲ್ಲಿ ನೀರುನೀರಾಗಿ ಸೋರಿದಾಗ ಭೇದಿ ಅಂದುಕೊಂಡು ಸಿರಪ್ ನಿಲ್ಲಿಸಿಬಿಟ್ಟಿದ್ದೆ. ಒಳಗೆ ಕಟ್ಟಿಕೊಂಡ ಗಟ್ಟಿ ಮಲದ ಪಕ್ಕದಿಂದ ಅದು ಸೋರುತ್ತಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಮತ್ತೆ ಕೊಡುತ್ತಿದ್ದೇವೆ.

ಈಗ ಕಷ್ಟ ಇರುವುದು ಕೂರಿಸುವುದರಲ್ಲಿ. ತಿಂಡಿ ಆದ 20 ನಿಮಿಷಕ್ಕೆ ಕೂರಿಸುತ್ತೇನೆ, ಹೊಟ್ಟೆ ತುಂಬಿದಾಗ ಕರುಳು ತಾನೇ ಚುರುಕಾಗುತ್ತದೆ ಅಲ್ವಾ. ಆದರೆ ಕಾಲು ನೇತಾಡಿದರೆ ಮೈ ಸೆಟೆದು ಹಿಂದಕ್ಕೆ ಬಾಗುತ್ತಾನೆ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಪಾದದಡಿ ಮಣೆ ಇಟ್ಟು, ಮುಂದಕ್ಕೆ ಬಾಗಿಸಿ ಹಿಡಿದರೆ ಸಡಿಲವಾಗುತ್ತಾನೆ. 5 ನಿಮಿಷ ಹಾಗೇ ಹಿಡಿದಿರಲು ನನ್ನಿಂದ ಆಗುತ್ತಿಲ್ಲ.

ಮುಂದೆ ಒರಗಲು ಹಲಗೆ, ಎದೆಗೆ ಪಟ್ಟಿ ಇರುವ ಕುರ್ಚಿಯನ್ನು ಬಡಗಿಯಿಂದ ಮಾಡಿಸಿದವರು ಕೊಡಗಿನಲ್ಲಿ ಇದ್ದೀರಾ? ಅಳತೆ ಹೇಗೆ ತೆಗೆದುಕೊಂಡಿರಿ? ಫೋಟೋ ಹಾಕಿ, ದಯವಿಟ್ಟು.