ಪದಚರ್ಚೆ: ಫಾಲೋವರ್ ಲೆಕ್ಕದಲ್ಲಿ ‘ಗಮನಾರ್ಹ’, ‘ವಿಶ್ವಾಸಾಂತರ’ – ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ಕುಂದಾಪುರದ ಹತ್ತಿರದ ಒಂದು ಮಹಿಳಾ ಸಂಘದವರು ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ. ಅವರ ಇನ್‌ಸ್ಟಾಗ್ರಾಮ್ ಖಾತೆಯ ಲೆಕ್ಕ ನೋಡಿ ವಾರಕ್ಕೊಮ್ಮೆ ಅರ್ಧ ಪುಟ ಬರೆದುಕೊಡುವ ಕೆಲಸ ನನ್ನದು. ಚಿಕ್ಕ ಖಾತೆ. ಫಾಲೋವರ್‌ಗಳು 640 ಜನ.

ಹಿಂದಿನ ವಾರ 6 ಜನ ಜಾಸ್ತಿಯಾಗಿದ್ದರು. ಈ ವಾರ 14. ನಡುವೆ ಹಲಸಿನ ಹಪ್ಪಳದ ಒಂದು ರೀಲ್ ಹಾಕಿದ್ದರು. ‘ಎರಡು ಪಟ್ಟು ದಾಟಿತು, ಇನ್ನು ವಾರವೂ ರೀಲ್ ಮಾಡೋಣ’ ಎಂದು ಎಲ್ಲರಿಗೂ ಹುರುಪು. ರೀಲ್‌ಗೆಂದು ಒಂದು ದಿನದ ಕೆಲಸ ನಿಲ್ಲುತ್ತದೆ. ಹಾಗಾಗಿ ಈ ಏರಿಕೆಯನ್ನು ನಂಬಬಹುದೇ ಎಂದು ನೋಡಲೇಬೇಕಿತ್ತು. ನೋಡಿ ಹೀಗೆ ಬರೆದೆ: ‘ಏರಿಕೆ ಗಮನಾರ್ಹವಲ್ಲ, ವಿಶ್ವಾಸಾಂತರದ ಒಳಗೇ ಇದೆ.’

ಸಂಘದ ಅಧ್ಯಕ್ಷೆ ಫೋನ್ ಮಾಡಿದರು. ‘ಅಕ್ಕ, ಗಿರಾಕಿಗಳಿಗೆ ನಮ್ಮ ಮೇಲೆ ವಿಶ್ವಾಸ ಕಡಿಮೆ ಆಯ್ತಾ?’ ಎಂದು ಕೇಳಿದರು. ‘ಗಮನಾರ್ಹವಲ್ಲ’ ಎಂದದ್ದು ಅವರಿಗೆ ‘ನಿಮ್ಮ ಕೆಲಸವನ್ನು ಯಾರೂ ಗಮನಿಸಲಿಲ್ಲ’ ಎಂದು ಕೇಳಿಸಿತ್ತು. ನನಗೆ ತುಂಬ ಬೇಜಾರಾಯಿತು. ಸಿಗ್ನಿಫಿಕೆಂಟ್, ಕಾನ್ಫಿಡೆನ್ಸ್ ಇಂಟರ್ವಲ್ ಎರಡಕ್ಕೂ ಇಂಥ ಓದುಗರಿಗೆ ಹೊಂದುವ ಮಾತು ಬೇಕು. ನೀವು ಏನು ಬಳಸುತ್ತೀರಿ?

ಮೈಸೂರಿನಿಂದ

ವಿಶ್ವಾಸಾಂತರ ನನಗೂ ಸರಿ ಕಾಣುವುದಿಲ್ಲ. ಗ್ರಾಮಾಂತರ, ರೂಪಾಂತರ, ದೇಶಾಂತರ ಕೇಳಿದ ಕಿವಿಗೆ ಅದು ‘ಬೇರೊಂದು ವಿಶ್ವಾಸ’ ಎನಿಸುತ್ತದೆ. ಆಡುಮಾತಿನಲ್ಲಿ ಅಂತರ ಎಂದರೆ ದೂರ, ವಿಶ್ವಾಸ ಎಂದರೆ ಒಡನಾಟದ ಪ್ರೀತಿಯೂ ಹೌದು. ‘ಅವರಿಬ್ಬರಲ್ಲಿ ಬಹಳ ವಿಶ್ವಾಸ’ ಎನ್ನುವುದಿಲ್ಲವೇ? ಅಧ್ಯಕ್ಷೆಯವರು ತಪ್ಪು ಓದಲಿಲ್ಲ. ಪದವೇ ಅವರನ್ನು ಆ ಕಡೆ ಕರೆದುಕೊಂಡು ಹೋಯಿತು. ‘ನೆಚ್ಚಿಕೆಯ ಹರವು’ ಎಂದರೆ ಹೇಗೆ? ಹರವು ಎಂದಾಗ ಇಲ್ಲಿಂದ ಅಲ್ಲಿಯವರೆಗೆ ಹರಡಿದ ಜಾಗ ಕಣ್ಣಿಗೆ ಬರುತ್ತದೆ.

ಬೆಂಗಳೂರಿನಿಂದ

ನನಗೊಂದು ಮೂಲ ಪ್ರಶ್ನೆ ಇದೆ. ಚುನಾವಣೆಯ ಸಮೀಕ್ಷೆಯಲ್ಲಿ ಕೆಲವರನ್ನು ಮಾತ್ರ ಕೇಳುತ್ತಾರೆ, ಹಾಗಾಗಿ ಹೆಚ್ಚುಕಡಿಮೆ ಇರುತ್ತದೆ. ಇಲ್ಲಿ ಫಾಲೋವರ್‌ಗಳು 640 ಎಂದರೆ 640. ಆ್ಯಪ್ ಎಣಿಸಿಯೇ ತೋರಿಸುತ್ತದೆ. ಎಣಿಸಿದ ಲೆಕ್ಕಕ್ಕೆ ಹರವು ಎಲ್ಲಿಂದ ಬಂತು? ಇದು ಗೊತ್ತಾಗದೆ ಪದ ಹುಡುಕುವುದು ಹೇಗೆ?

ಧಾರವಾಡದಿಂದ (ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು, ಈಗ ನಿವೃತ್ತರು)

ಬೆಂಗಳೂರಿನವರ ಪ್ರಶ್ನೆಯಿಂದಲೇ ಶುರು ಮಾಡೋಣ. ಎಣಿಕೆಯಲ್ಲಿ ಅನುಮಾನವಿಲ್ಲ. ಅನುಮಾನ ಇರುವುದು ಅದರ ಹಿಂದಿನ ವೇಗದಲ್ಲಿ. ಒಂದು ಬಸ್‌ಸ್ಟಾಪಿಗೆ ಗಂಟೆಗೆ ಸುಮಾರು ಇಪ್ಪತ್ತು ಜನ ಬರುತ್ತಾರೆ ಎನ್ನಿ. ಒಂದು ಗಂಟೆಯಲ್ಲಿ 16, ಇನ್ನೊಂದರಲ್ಲಿ 25 ಆಗಬಹುದು. ಊರಿನಲ್ಲಿ ಏನೂ ಬದಲಾಗಿರುವುದಿಲ್ಲ. ಖಾತೆಗೆ ಜನ ಸೇರುವುದೂ ಬಿಡುವುದೂ ಹಾಗೆಯೇ.

ಅಕ್ಕಾ, 6 ಮತ್ತು 14 ಸಾಲದು. ಎಷ್ಟು ಜನ ಸೇರಿದರು, ಎಷ್ಟು ಜನ ಬಿಟ್ಟರು ಎಂದು ಬೇರೆ ಬೇರೆಯಾಗಿ ಬೇಕು. ನಿಮ್ಮದು ಪ್ರೊಫೆಷನಲ್ ಖಾತೆಯಾದರೆ ಇನ್‌ಸೈಟ್ಸ್‌ನಲ್ಲಿ ಎರಡೂ ಸಿಗುತ್ತವೆ.

ನಾನು

ಹೌದು ಸರ್, ಅದನ್ನೇ ಹಿಡಿದು ಲೆಕ್ಕ ಮಾಡಿದ್ದೆ. ಹಿಂದಿನ ವಾರ 21 ಜನ ಸೇರಿ 15 ಜನ ಬಿಟ್ಟರು. ಈ ವಾರ 26 ಜನ ಸೇರಿ 12 ಜನ ಬಿಟ್ಟರು.

ಧಾರವಾಡದಿಂದ

ನೋಡಿ, ಬರೀ 6 ಎಂದಾಗ ಆರು ಜನರ ಓಡಾಟದಂತೆ ಕಾಣುತ್ತದೆ. ನಿಜಕ್ಕೂ ಓಡಾಡಿದವರು 36 ಜನ. ಕಳೆದಾಗ ಉಳಿಯುವುದು ಚಿಕ್ಕದು, ಆದರೆ ಸೇರಿದ್ದರ ಏರುಪೇರು, ಬಿಟ್ಟಿದ್ದರ ಏರುಪೇರು ಎರಡೂ ಅದರೊಳಗೆ ಕೂಡಿಕೊಳ್ಳುತ್ತವೆ. ಆದ್ದರಿಂದ ನಾಲ್ಕೂ ಸಂಖ್ಯೆಯನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ನೂರಕ್ಕೆ 95ರ ಮಟ್ಟಕ್ಕೆ ಅದನ್ನು ಸುಮಾರು ಎರಡರಿಂದ ಗುಣಿಸುತ್ತೇವೆ:

```
√(21 + 15 + 26 + 12) = √74 ≈ 8.6
8.6 × 2 ≈ 17
```

ಎರಡು ವಾರಗಳ ವ್ಯತ್ಯಾಸ 14 − 6, ಅಂದರೆ 8. ಅದರ ಆಚೆಈಚೆ 17 ಹಿಡಿದರೆ −9ರಿಂದ +25ರವರೆಗೆ ಹರವು ಸಿಗುತ್ತದೆ. ಸೊನ್ನೆ ಅದರೊಳಗೇ ಇದೆ. ರೀಲ್‌ನಿಂದ ಏನೂ ಆಗದಿದ್ದರೂ ಇಷ್ಟು ವ್ಯತ್ಯಾಸ ತಾನಾಗಿಯೇ ಬರಬಹುದಿತ್ತು.

ಮೈಸೂರಿನಿಂದ

ಹಾಗಾದರೆ ಪದದ ಗೊಡವೆಯೇ ಬೇಡ. ‘ಬದಲಾವಣೆ ಇಲ್ಲ’ ಎಂದು ನೇರವಾಗಿ ಬರೆದರಾಯಿತು. ನಿಜವಾದ ಬೆಲೆ ಈ ಹರವಿನಲ್ಲಿ ಇರುವ ಸಾಧ್ಯತೆ ನೂರಕ್ಕೆ 95, ಅಲ್ವಾ?

ಧಾರವಾಡದಿಂದ

ಎರಡಕ್ಕೂ ತಡೆಯಿರಿ. ಮೊದಲನೆಯದು ಜಾಸ್ತಿ ಮುಖ್ಯ. ಹರವಿನಲ್ಲಿ ಸೊನ್ನೆ ಇದೆ, +25 ಕೂಡ ಇದೆ. ರೀಲ್ ಚೆನ್ನಾಗಿಯೇ ಕೆಲಸ ಮಾಡಿರಬಹುದು. ‘ಬದಲಾವಣೆ ಇಲ್ಲ’ ಎಂದರೆ ನಮಗೆ ತಿಳಿಯದ್ದನ್ನು ತಿಳಿದಂತೆ ಹೇಳಿದ ಹಾಗೆ. ‘ಇದೆಯೋ ಇಲ್ಲವೋ ಈ ಲೆಕ್ಕದಿಂದ ಹೇಳಲಾಗದು’ ಎನ್ನುವುದು ಸರಿ. ‘ಗಮನಾರ್ಹವಲ್ಲ’ ಎಂಬ ಪದದ ದೊಡ್ಡ ತೊಂದರೆಯೂ ಇದೇ. ಅದು ಬದಲಾವಣೆಯೇ ಸಣ್ಣದು ಎನ್ನುತ್ತದೆ. ಸಣ್ಣದಿರುವುದು ನಮ್ಮ ಬಳಿ ಇರುವ ಲೆಕ್ಕ.

ಇನ್ನು 95ರ ಮಾತು. ಅದು ಈ ಒಂದು ಹರವಿನ ಗುಣ ಅಲ್ಲ, ಹರವು ಹಾಕುವ ಕ್ರಮದ ಗುಣ. ಹೀಗೆಯೇ ನೂರು ಸಲ ಹಾಕಿದರೆ ಸುಮಾರು 95 ಸಲ ನಿಜವಾದ ಬೆಲೆ ಒಳಗೆ ಸಿಗುತ್ತದೆ. ಆದರೂ ನಿಮ್ಮ ‘ನೆಚ್ಚಿಕೆ’ ನನಗೆ ಹಿಡಿಸಿತು. ನಾವು ನೆಚ್ಚುವುದು ಕ್ರಮವನ್ನೇ ತಾನೇ?

ಶಿರಸಿಯಿಂದ

ನಮ್ಮ ಯಕ್ಷಗಾನ ಮೇಳದ ಪೇಜಿನಲ್ಲಿ ಒಂದೇ ರಾತ್ರಿಗೆ 38 ಜನ ಕಡಿಮೆಯಾದರು. ಹಿಂದಿನ ದಿನ ಹಾಕಿದ ಪೋಸ್ಟ್‌ನಿಂದ ಯಾರಿಗೋ ನೋವಾಯಿತು ಎಂದು ಅದನ್ನು ತೆಗೆದುಬಿಟ್ಟೆವು. ವಾರಕ್ಕೆ ನಾಲ್ಕೈದು ಜನ ಬಿಡುವ ಪೇಜು ನಮ್ಮದು. ಈ ವರ್ಗಮೂಲದಲ್ಲಿ ನೋಡಿದರೆ 38 ಹರವಿನ ಆಚೆಗೇ ಹೋಗುತ್ತದೆ. ಹಾಗಾದರೆ ಪೋಸ್ಟ್ ತೆಗೆದದ್ದು ಸರಿ ಅಂತಾಯಿತು.

ಧಾರವಾಡದಿಂದ

ಹರವು ದಾಟಿದೆ, ನಿಜ. ಆದರೆ ಯಾಕೆ ದಾಟಿತು ಎಂದು ಹರವು ಹೇಳುವುದಿಲ್ಲ. ನಕಲಿ ಖಾತೆಗಳನ್ನು ಆ್ಯಪ್‌ನವರೇ ಆಗಾಗ ಒಟ್ಟಿಗೆ ತೆಗೆಯುತ್ತಾರೆ. ನಿಮ್ಮಂಥ ಬೇರೆ ಪೇಜುಗಳಲ್ಲೂ ಅದೇ ರಾತ್ರಿ ಇಳಿದಿತ್ತೇ ಎಂದು ಕೇಳಿ ನೋಡಿ. ಇಳಿದಿದ್ದರೆ ನಿಮ್ಮ ಪೋಸ್ಟ್‌ಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ.

ಇನ್ನೊಂದು ಮಾತು. ವರ್ಗಮೂಲದ ಲೆಕ್ಕ ನಡೆಯುವುದು ಜನ ಒಬ್ಬೊಬ್ಬರಾಗಿ, ತಮ್ಮ ಪಾಡಿಗೆ ಬಂದು ಹೋಗುವಾಗ ಮಾತ್ರ. ಅಕ್ಕನ ರೀಲನ್ನು ಯಾರೋ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಹತ್ತು ಜನ ಒಟ್ಟಿಗೆ ಸೇರಿದ್ದರೆ ನಿಜವಾದ ಹರವು ಆಚೆಈಚೆ 17ಕ್ಕಿಂತ ದೊಡ್ಡದು. ದಿನದಿನದ ಲೆಕ್ಕ ನೋಡಿ. ಸೇರಿದವರು ಒಂದೇ ದಿನ ಗುಂಪಾಗಿ ಬಂದಿದ್ದರೆ ಹಾಗೇ ಬರೆದುಬಿಡಿ.

ನಾನು

ನೋಡಿದೆ ಸರ್. ಒಂದೇ ದಿನ ಹೆಚ್ಚೆಂದರೆ 6 ಜನ, ಉಳಿದವರು ಚೆದುರಿದಂತೆ ಬಂದಿದ್ದಾರೆ. ಹಾಗಾದರೆ ಎಷ್ಟು ವಾರ ಕಾದರೆ ತಿಳಿಯಬಹುದು?

ಧಾರವಾಡದಿಂದ

ರೀಲ್ ಇಲ್ಲದ ವಾರಗಳೂ ಇರುವ ವಾರಗಳೂ ಈಗಿನ ಹಾಗೆಯೇ ನಡೆದವು ಎನ್ನಿ. ತಲಾ ನಾಲ್ಕು ವಾರಕ್ಕೆ ವ್ಯತ್ಯಾಸ 32, ಆಚೆಈಚೆ 34. ಇನ್ನೂ ಸೊನ್ನೆ ಒಳಗೇ ಇರುತ್ತದೆ. ಐದು ವಾರಕ್ಕೆ ವ್ಯತ್ಯಾಸ 40, ಆಚೆಈಚೆ 38.5. ಆಗ ಸೊನ್ನೆ ಹೊರಗೆ ಬೀಳುತ್ತದೆ. ಆದರೆ ಪ್ರತಿ ವಾರವೂ ನೋಡಿ, ದಾಟಿದ ದಿನವೇ ನಿಲ್ಲಿಸಿ ಗೆದ್ದೆವು ಎನ್ನಬಾರದು. ಪದೇ ಪದೇ ನೋಡಿದರೆ ಒಂದಲ್ಲ ಒಂದು ಸಲ ಸುಮ್ನೆಯೂ ದಾಟುತ್ತದೆ. ಎಷ್ಟು ವಾರ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

ನಾನು

ಎಲ್ಲರಿಗೂ ಧನ್ಯವಾದ. ವರದಿಯನ್ನು ಹೀಗೆ ತಿದ್ದಿದ್ದೇನೆ: ‘ಈ ವಾರ 14 ಜನ ಜಾಸ್ತಿಯಾದರು, ಹಿಂದಿನ ವಾರಕ್ಕಿಂತ 8 ಹೆಚ್ಚು. ನಿಮ್ಮ ಖಾತೆಯಲ್ಲಿ ಸುಮ್ಮನೆ ಆಗುವ ಓಲಾಟವೇ ಇಷ್ಟಿರುತ್ತದೆ. ರೀಲ್‌ನಿಂದ ಆಯಿತೋ ಇಲ್ಲವೋ ಈಗಲೇ ಹೇಳಲಾಗದು. ಐದು ವಾರ ರೀಲ್ ಹಾಕಿ, ಅದಕ್ಕೆ ಮುಂಚಿನ, ರೀಲ್ ಇಲ್ಲದ ಐದು ವಾರಗಳ ಜೊತೆ ಹೋಲಿಸೋಣ.’

ಅಧ್ಯಕ್ಷೆಗೆ ಓದಿ ಹೇಳಿದೆ. ‘ಓಲಾಟ’ ಅವರಿಗೆ ತಕ್ಷಣ ಹಿಡಿಯಿತು, ದೋಣಿಯ ಹಾಗೆ ಅಲ್ವಾ ಎಂದರು. ಸಿಗ್ನಿಫಿಕೆಂಟ್‌ಗೆ ‘ಓಲಾಟ ದಾಟಿದ’ ಎಂದು ಬಳಸಬಹುದು ಅನಿಸುತ್ತದೆ. ಕೋಷ್ಟಕದ ತಲೆಬರಹಕ್ಕೆ ಮಾತ್ರ ‘ನೆಚ್ಚಿಕೆಯ ಹರವು’ ಸ್ವಲ್ಪ ಉದ್ದವಾಯಿತು.

ಧಾರವಾಡದಿಂದ

ನಮ್ಮ ಕಡೆ ಹೊಯ್ದಾಟ ಎನ್ನುತ್ತೇವೆ. ಆದರೆ ಅದರಲ್ಲಿ ಮನಸ್ಸಿನ ಗೊಂದಲದ ಅರ್ಥವೂ ಸೇರಿಕೊಂಡಿದೆ. ನಿಮ್ಮ ಓಲಾಟವೇ ಇರಲಿ. ತಲೆಬರಹಕ್ಕೆ ಬರೀ ‘ಹರವು’ ಸಾಕು.

ಮೈಸೂರಿನಿಂದ

ಬರೀ ಹರವು ಎಂದರೆ ಅತಿ ಕಡಿಮೆಯಿಂದ ಅತಿ ಹೆಚ್ಚು ಎಂದು ಓದುತ್ತಾರೆ. ಶಾಲೆಯ ಪಾಠದಲ್ಲಿ ಅಂಕಗಳ ವ್ಯಾಪ್ತಿ ಎನ್ನುತ್ತಾರಲ್ಲ, ಆ ರೀತಿ. ನೆಚ್ಚಿಕೆಯನ್ನು ಬಿಡಲು ನಾನು ಒಪ್ಪುವುದಿಲ್ಲ.